ಊಟಕ್ಕೆ ಮುಂಚಿನ ಐದು ನಿಮಿಷ

ಲಗ್ನದ ಬೆಳ್ಳಿಹಬ್ಬವನ್ನು ಮಂಗಲ ಕಾರ್ಯಾಲಯ ಹಿಡಿದು ಮಾಡುವ ರೂಢಿ ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಕಡೆ ಈಚಿನದು. ನಮ್ಮ ಅಪ್ಪ-ಅವ್ವನಿಗೆ ತಮ್ಮ ಲಗ್ನದ ತಾರೀಖೇ ಗೊತ್ತಿರಲಿಲ್ಲ. ಯಾವುದೋ ದೊಡ್ಡ ಮಳೆಯ ವರ್ಷ ಎನ್ನುತ್ತಿದ್ದರು, ಅಷ್ಟೇ. ಈಗ ಮಕ್ಕಳು ಮುಂದೆ ನಿಂತು ತಂದೆ-ತಾಯಿಗೆ ಮತ್ತೆ ಹಾರ ಹಾಕಿಸುತ್ತಾರೆ, ಬೀಗರಿಗೆ ಟೋಪಿ-ಟವೆಲ್ಲಿನ ಸತ್ಕಾರ ಆಗುತ್ತದೆ, ನಡುವೆ ಯಾರಾದರೂ ಹಿರಿಯರು ನಾಲ್ಕು ಮಾತಾಡಬೇಕು. ಕನ್ನಡ ಸಾಲೆಯ ಮಾಸ್ತರಾಗಿ ನಿವೃತ್ತನಾದವನೆಂದು ಆ ಕೆಲಸ ಮೇಲಿಂದ ಮೇಲೆ ನನ್ನ ಪಾಲಿಗೆ ಬರುತ್ತದೆ. ಕಳೆದ ವರ್ಷ ನನ್ನ ಅಕ್ಕನ ಮಗಳು-ಅಳಿಯನ ಬೆಳ್ಳಿಹಬ್ಬಕ್ಕೆ ಮಾತಾಡಿದೆ. ಆ ಭಾಷಣವನ್ನು ಹೇಗೆ ಕಟ್ಟಿದೆ ಎಂಬುದನ್ನು ಬಿಡಿಸಿ ಬರೆಯುತ್ತೇನೆ. ನಮ್ಮ ಗಡಿಭಾಗದ ಸಭೆಯಲ್ಲಿ ಮಾತಾಡುವ ತೊಡಕು ಬೇರೆ ಕಡೆಯದರಂತಲ್ಲ.

ತೊಡಕು ಏನೆಂದರೆ ಎದುರಿಗೆ ಕುಳಿತವರು ಒಂದು ಭಾಷೆಯವರಲ್ಲ. ಹುಡುಗಿ ಅಕ್ಕಲಕೋಟೆ ತಾಲೂಕಿನ ಮೈಂದರ್ಗಿಯವಳು, ಅವಳ ಕಡೆಯವರದು ಅಚ್ಚ ಕನ್ನಡ. ಅಳಿಯಂದಿರು ಸೊಲ್ಲಾಪುರದವರು, ಮನೆಯಲ್ಲಿ ಕನ್ನಡ, ಅಂಗಳ ದಾಟಿದರೆ ಮರಾಠಿ. ಅಕ್ಕಲಕೋಟೆ ರಸ್ತೆಯ ಎಂಐಡಿಸಿಯಲ್ಲಿ ಅವರದು ಟವೆಲ್ ನೇಯುವ ಸಣ್ಣ ಮಗ್ಗದ ಕಾರಖಾನೆ. ಅಲ್ಲಿ ಜೊತೆಗಿರುವವರಲ್ಲಿ ಪದ್ಮಶಾಲಿ ಕುಟುಂಬಗಳು ಬಹಳ, ಅವರ ಮನೆಮಾತು ತೆಲುಗು. ಮಗ್ಗ ರಿಪೇರಿಯ ಮೇಸ್ತ್ರಿ ಮನೆಯಲ್ಲಿ ಉರ್ದು. ಇಷ್ಟು ಜನ ಸೇರಿದ ಸಭೆಯಲ್ಲಿ ಬರೀ ಕನ್ನಡದಲ್ಲಿ ಮಾತಾಡಿದರೆ ಅರ್ಧ ಜನ ಮೊಬೈಲ್ ತೆಗೆಯುತ್ತಾರೆ. ಮರಾಠಿಯಲ್ಲಿ ಮಾತಾಡಿದರೆ ಮೈಂದರ್ಗಿಯಿಂದ ಬಂದ ಹೆಣ್ಣುಮಕ್ಕಳು, ನಮ್ಮ ಹುಡುಗಿಯ ಹಬ್ಬದಲ್ಲೇ ನಾವು ಪಾವಣೇರಾದೆವೇ ಎಂದು ಮುಖ ನೋಡುತ್ತಾರೆ. ಒಂದೊಂದು ವಾಕ್ಯವನ್ನೂ ಎರಡೆರಡು ಭಾಷೆಯಲ್ಲಿ ಹೇಳುವವರನ್ನು ಕಂಡಿದ್ದೇನೆ. ಐದು ನಿಮಿಷದ ಮಾತು ಹನ್ನೆರಡಕ್ಕೆ ಹೋಗುತ್ತದೆ, ಎರಡೂ ಭಾಷೆ ಬಲ್ಲವರು (ನಮ್ಮಲ್ಲಿ ಅವರೇ ಹೆಚ್ಚು) ಅದನ್ನೇ ಎರಡು ಸಲ ಕೇಳಿ ಆಕಳಿಸುತ್ತಾರೆ.

ಇದಕ್ಕೆ ದಾರಿ ನನಗೆ ಹೊಳೆದದ್ದು ಸಿದ್ಧರಾಮೇಶ್ವರರ ಗಡ್ಡಾ ಯಾತ್ರೆಯಲ್ಲಿ. ಸೊಲ್ಲಾಪುರದವರಿಗೆ ಹೇಳಬೇಕಿಲ್ಲ, ದೂರದ ಓದುಗರಿಗಾಗಿ ಹೇಳುತ್ತೇನೆ. ಹನ್ನೆರಡನೆಯ ಶತಮಾನದ ಶರಣ ಸಿದ್ಧರಾಮರನ್ನು ಮದುವೆಯಾಗಬೇಕೆಂದು ಕುಂಬಾರರ ಮಗಳೊಬ್ಬಳು ಹಟ ಹಿಡಿದಳು, ಯೋಗಿಯಾದ ಅವರು ತಮ್ಮ ಯೋಗದಂಡದ ಜೊತೆ ಲಗ್ನ ಮಾಡಿಕೊಳ್ಳಲು ಒಪ್ಪಿದರು ಎಂಬುದು ನಮ್ಮೂರ ಕತೆ. ಆ ಲಗ್ನ ಪ್ರತಿ ವರ್ಷ ಸಂಕ್ರಾಂತಿಯ ಹೊತ್ತಿಗೆ ನಡೆಯುತ್ತದೆ. ಬಾಳಿವೇಸಿನ ಹಿರೇಹಬ್ಬು ವಾಡೆಯಿಂದ ಏಳು ನಂದಿಧ್ವಜಗಳು ಹೊರಡುತ್ತವೆ, ಬಿಳಿ ಬಾರಾಬಂದಿ ತೊಟ್ಟವರು ಹೊತ್ತು ತರುತ್ತಾರೆ, ಭೋಗಿಯ ದಿನ ಕೆರೆಯ ದಂಡೆಯ ಸಮ್ಮತಿ ಕಟ್ಟೆಯ ಬಳಿ ಅಕ್ಷತೆ. ಅಲ್ಲಿ ಓದುವ ಸಮ್ಮತಿ ಕನ್ನಡದ್ದು. ಸುತ್ತ ನಿಂತ ಜನಸಾಗರದಲ್ಲಿ ಮರಾಠಿಯವರು, ತೆಲುಗಿನವರು ಎಷ್ಟೋ ಮಂದಿ. ಅವರಿಗೆ ಪ್ರತಿ ಶಬ್ದ ತಿಳಿಯುವುದಿಲ್ಲ. ಆದರೆ ಯಾವಾಗ ಅಕ್ಷತೆ ಹಾರಿಸಬೇಕು, ಯಾವಾಗ ಸಿದ್ಧರಾಮೇಶ್ವರ ಮಹಾರಾಜರಿಗೆ ಜಯಕಾರ ಹಾಕಬೇಕು ಎಂಬುದು ಮಕ್ಕಳಿಗೂ ಗೊತ್ತು. ಒಬ್ಬರೂ ಬೇಸರದಿಂದ ಗಡಿಯಾರ ನೋಡುವುದಿಲ್ಲ.

ಅದನ್ನು ನೋಡಿ ನಾನು ಮಾಡಿಕೊಂಡ ನಿಯಮ ಇದು: ಮಾತಿನ ಒಡಲು ಕನ್ನಡದಲ್ಲೇ ಇರಲಿ, ಅನುವಾದ ಬೇಡ. ನಮಸ್ಕಾರ ಮಾತ್ರ ಅವರವರ ಮಾತಿನಲ್ಲಿ. ಕೇಳುವವರಿಗೂ ಒಂದು ಪಾಲು ಇರಲಿ, ಅದು ಯಾವಾಗ ಬರುತ್ತದೆ ಎಂಬುದು ಅವರಿಗೆ ಮೊದಲೇ ತಿಳಿದಿರಲಿ.

ಬರೆಯುವ ಮುಂಚೆ ಮನೆಗೆ ಹೋಗಿ ಕೂತೆ. ಇದನ್ನು ಬಹಳ ಜನ ಮಾಡುವುದಿಲ್ಲ, ನೇರ ವೇದಿಕೆಗೆ ಬಂದು ನೆನಪಿಗೆ ಬಂದದ್ದು ಹೇಳುತ್ತಾರೆ. ಲಗ್ನದಲ್ಲಿ ಕೊಡುವ-ತೆಗೆದುಕೊಳ್ಳುವ ವಿಷಯಕ್ಕೆ ಬೀಗರಲ್ಲಿ ಮಾತಿಗೆ ಮಾತು ಬೆಳೆದದ್ದನ್ನು ಒಬ್ಬ ಹಿರಿಯರು ಒಂದು ಬೆಳ್ಳಿಹಬ್ಬದಲ್ಲಿ ತಮಾಷೆಯಾಗಿ ಎತ್ತಿದ್ದರು. ಇಪ್ಪತ್ತೈದು ವರ್ಷ ಮುಚ್ಚಿಟ್ಟದ್ದು ಮತ್ತೆ ಬಾಯಿ ತೆರೆಯಿತು. ಅವತ್ತು ಒಂದು ಪಂಕ್ತಿಯವರು ಉಣ್ಣದೆ ಎದ್ದರು. ಹಾಗಾಗಿ ನಾನು ಗಂಡ-ಹೆಂಡತಿ ಇಬ್ಬರನ್ನೂ ಬೇರೆ ಬೇರೆ ಕೇಳಿದೆ: ಯಾವುದು ಹೇಳಲಿ, ಯಾವುದು ಬಿಡಲಿ? ಅಳಿಯಂದಿರು, “ಮಾಮಾ, ಸಾಲದ್ದೊಂದು ತೆಗೀಬ್ಯಾಡ್ರಿ. ಬ್ಯಾಂಕಿನವರೂ ಬರೋರಿದ್ದಾರ” ಎಂದು ನಕ್ಕರು. ಹುಡುಗಿ ಹೇಳಿದ್ದು ಬೇರೆ. “ನಾ ಎಷ್ಟು ಸೋಸೀನಿ, ಎಷ್ಟು ತ್ಯಾಗ ಮಾಡೀನಿ ಅಂತ ಹೇಳಬ್ಯಾಡ ಮಾಮಾ. ಎಲ್ಲಾರ ಬೆಳ್ಳಿಹಬ್ಬದಾಗೂ ಹೆಣ್ಣಮಕ್ಕಳಿಗೆ ಅದೊಂದ ಮಾತು. ನಾ ಮಾಡಿದ್ದು ದಂಧೆ, ದಂಧೆ ಅಂತ ಹೇಳು.”

ಅವಳ ದಂಧೆ ಶೇಂಗಾ ಚಟ್ನಿಯದು. ಆ ಮಾತಿನಿಂದಲೇ ನನ್ನ ಭಾಷಣಕ್ಕೆ ಬೇಕಾದ ಪ್ರಸಂಗ ಸಿಕ್ಕಿತು. ಇಂಥ ಭಾಷಣಕ್ಕೆ ಒಂದೇ ಪ್ರಸಂಗ ಸಾಕು, ಆದರೆ ಕೂತವರು ಕಣ್ಣಿಂದ ಕಂಡದ್ದೋ ಕೈಯಿಂದ ಮುಟ್ಟಿದ್ದೋ ಆಗಿರಬೇಕು. ‘ಆದರ್ಶ ದಂಪತಿ’ ಎಂದರೆ ಯಾರ ಮನಸ್ಸಿಗೂ ಏನೂ ಬರುವುದಿಲ್ಲ. ಚಟ್ನಿ ಎಂದರೆ ಸಭೆಯಲ್ಲಿದ್ದ ಎಲ್ಲರ ಮನೆಯ ಡಬ್ಬಿ ನೆನಪಾಗುತ್ತದೆ.

ಬರೆದದ್ದು ಐನೂರು ಪದದ ಒಳಗೆ. ನಿಧಾನವಾಗಿ, ನಡುವೆ ನಗಲು ಜಾಗ ಬಿಟ್ಟು ಓದಿದರೆ ನನಗೆ ನಿಮಿಷಕ್ಕೆ ನೂರು ಪದ ಆಗುತ್ತದೆ, ಅಂದರೆ ಐದು ನಿಮಿಷ. ಅದಕ್ಕಿಂತ ಹೆಚ್ಚು ಹೊತ್ತು ನಮ್ಮ ಕಡೆಯ ಸಭೆ ತಡೆಯುವುದಿಲ್ಲ. ಹಿಂದಿನ ಸಾಲಿನವರು ಕುರ್ಚಿಯನ್ನು ಊಟದ ಹಾಲಿನ ಕಡೆ ಓರೆ ಮಾಡಿದರೆಂದರೆ ಮಾತು ಮುಗಿಯಿತೆಂದೇ ತಿಳಿಯಬೇಕು. ಸೂತ್ರಸಂಚಾಲನೆ ಮಾಡುವ ಹುಡುಗನಿಗೆ ಮುಂಚೆಯೇ ಹೇಳಿದ್ದೆ, ನನ್ನ ಮಾತು ಸತ್ಕಾರಕ್ಕೆ ಮೊದಲು ಇರಲಿ. ನಮ್ಮಲ್ಲಿ ಸತ್ಕಾರದ ಯಾದಿ ಎಂದರೆ ಮೂವತ್ತು ಹೆಸರಿಗೆ ಕಡಿಮೆ ಇಲ್ಲ. ಶಾಲು, ಕಾಯಿ, ಟೋಪಿ, ಫೋಟೋ ಎಂದು ಒಬ್ಬೊಬ್ಬರಿಗೆ ಒಂದು ನಿಮಿಷ ಹಿಡಿದರೂ ಅರ್ಧ ತಾಸು. ಅದಾದ ಮೇಲೆ ಮೈಕು ಹಿಡಿದವನ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಆ ದಿನ ಹೇಳಿದ್ದರ ಮೊದಲ ಭಾಗ ಹೀಗಿತ್ತು. ನಮ್ಮ ಆಡುಮಾತಿನಲ್ಲೇ ಬರೆದುಕೊಂಡಿದ್ದೆ, ಹಾಗೇ ಕೊಡುತ್ತೇನೆ.

“ಎಲ್ಲಾರಿಗೂ ಶರಣು ಶರಣಾರ್ಥಿ. ಸರ್ವ ಪಾಹುಣ್ಯಾಂನಾ ನಮಸ್ಕಾರ. ಅಂದರಿಕೀ ನಮಸ್ಕಾರಂ. ಮೇಸ್ತ್ರಿ ಭಾಯಿ, ನಿಮಗ ಸಲಾಂ. ಇಪ್ಪತ್ತೈದು ವರ್ಷದ ಹಿಂದ, 2000ನೇ ಇಸವಿಯೊಳಗ, ಮೈಂದರ್ಗಿಯ ಹಂದರದಾಗ ಈ ಹುಡುಗಿ ಬೆನ್ನಹಿಂದ ಸೋದರಮಾವ ಅಂತ ನಿಂತಾವ ನಾನು. ಅವತ್ತು ಸೋದರಮಾವಗ ನಿಲ್ಲೋ ಕೆಲಸ ಅಷ್ಟ, ಮಾತಾಡೋ ಕೆಲಸ ಇರಲಿಲ್ಲ. ಇವತ್ತು ಮಾತಾಡ್ಲಿಕ್ಕೆ ಐದು ನಿಮಿಷ ಕೊಟ್ಟಾರ. ನನ್ನ ಮಾತು ಮುಗಿದ ಮ್ಯಾಲ ನಿಮಗೊಂದು ಕೆಲಸ ಐತಿ. ಎಲ್ಲಾರ ಕೈಯಾಗೂ ಅಕ್ಷತಿ ಬಂದಾವಿಲ್ಲೋ ನೋಡಿಕೋರಿ. ನಾ ‘ಹಾಕ್ರಿ’ ಅನ್ನೋತನಾ ಹಾಕಬ್ಯಾಡ್ರಿ.”

ನಮಸ್ಕಾರ ನಾಲ್ಕು ಬಗೆಯಲ್ಲಿ, ನಾಲ್ಕೇ ವಾಕ್ಯದಲ್ಲಿ ಮುಗಿಯಿತು. ತೆಲುಗಿನ ಎರಡು ಶಬ್ದಕ್ಕೆ ಬಲಗಡೆಯ ಸಾಲು ಪೂರಾ ಎದ್ದು ಕುಳಿತದ್ದು ನನಗೆ ಕಂಡಿತು. ಒಬ್ಬೊಬ್ಬ ಗಣ್ಯರ ಹೆಸರು ನಾನು ಓದುವುದೇ ಇಲ್ಲ. ಇಪ್ಪತ್ತು ಹೆಸರು ಓದಿದರೆ ಇಪ್ಪತ್ತೊಂದನೆಯವರಿಗೆ ಬೇಜಾರು, ಮತ್ತು ಆ ಇಪ್ಪತ್ತೊಂದನೆಯವರು ತಪ್ಪದೆ ಬೀಗರ ಪೈಕಿಯೇ ಆಗಿರುತ್ತಾರೆ. ಸತ್ಕಾರದಲ್ಲಿ ಆ ಹೆಸರುಗಳು ಹೇಗೂ ಬರುತ್ತವೆ. ಅಕ್ಷತೆಯ ತಟ್ಟೆಯನ್ನು ಮೊದಲೇ ಸಾಲುಸಾಲಿಗೆ ಹಂಚಿಸಿದ್ದೆ. ಕೈಯಲ್ಲಿ ನಾಲ್ಕು ಕಾಳು ಹಿಡಿದು ಕೂತವರು ಮೊಬೈಲ್ ಮುಟ್ಟಲಾರರು, ಇದು ನಾನು ಹೆಮ್ಮೆಯಿಂದ ಹೇಳಿಕೊಳ್ಳುವ ಉಪಾಯ.

ಆಮೇಲೆ ದಂಪತಿಗಳಿಗೆ ಹೇಳುವ ಮಾತು.

“ಅಳಿಯಂದಿರ, ಯವ್ವಾ, ನಿಮ್ಮಿಬ್ಬರಿಗೂ ಶುಭಾಶಯ. 2020ರ ಮಾರ್ಚಿನ್ಯಾಗ ಲಾಕ್‌ಡೌನ್ ಬಂತು, ಮಗ್ಗ ನಿಂತವು. ಎಂಐಡಿಸಿ ಒಳಗ ಖಟಾ ಖಟಾ ಸಪ್ಪಳ ಇಲ್ಲದ ದಿನ ನಾವ್ಯಾರೂ ಕಂಡಿರಲಿಲ್ಲ. ಈಕಿ ಮನ್ಯಾಗ ಶೇಂಗಾ ಹುರಿದು ಚಟ್ನಿ ಮಾಡಿ ಓಣಿಗೆ ಕೊಡಲಿಕ್ಕೆ ಹತ್ತಿದಳು. ಸೊಲ್ಲಾಪುರದ ಚಟ್ನಿ ಮಿಕ್ಸರಿಗೆ ಹಾಕಿದ್ರ ಪುಡಿ ಆಗತದ, ಚಟ್ನಿ ಆಗೂದಿಲ್ಲ. ಶೇಂಗಾ, ಬಳ್ಳೊಳ್ಳಿ, ಖಾರ, ಜೀರಗಿ, ಉಪ್ಪು, ಎಲ್ಲಾ ಒಳ್ಳಾಗ ಹಾಕಿ ಎಣ್ಣಿ ಬಿಡೂತನಾ ಕುಟ್ಟಬೇಕು. ಈಕಿ ಕೈ ಸೋತಿತು. ಆಗ ಮಗ್ಗದ ಮಾಲಕರು ಹಾರಿ ಹಿಡಿದರು. ಮೊದಲನೇ ದಿನ ಕುಟ್ಟಿದ್ದು ಪೂರಾ ಹಿಟ್ಟ ಆಗಿತ್ತು. ಅದನ್ನ ತಿಂದವರು ಇಲ್ಲೇ ಮೂರನೇ ಸಾಲಿನ್ಯಾಗ ಕುಂತಾರ. ಎರಡನೇ ವಾರಕ್ಕ ಎಣ್ಣಿ ಬಿಡಲಿಕ್ಕೆ ಹತ್ತಿತು. ಇವತ್ತು ಮಗ್ಗ ತಿರುಗತಾವ, ಒಳ್ಳೂ ನಿಂತಿಲ್ಲ. ಯವ್ವಾ, ನಿನ್ನ ದಂಧೆ ಮ್ಯಾಲ ನಿನ್ನ ಹೆಸರ ಐತಿ, ಅದು ಹಂಗ ಇರಲಿ.”

ಮೂರನೆಯ ಸಾಲಿನಿಂದ ನಗು ಎದ್ದು ಎಲ್ಲ ಕಡೆ ಹರಡಿತು. ಮರಾಠಿಯವರಿಗೂ ಏನೂ ಬಿಟ್ಟುಹೋಗಲಿಲ್ಲ. ಮಗ್ಗ, ಶೇಂಗಾ, ಚಟ್ನಿ ಎಂದಾಗ ಅರ್ಥ ಮಾಡಿಸುವುದೇನಿದೆ? ಗಂಡ ಹೆಂಡತಿಗೆ ಹೆದರುತ್ತಾನೆ ಎಂಬ ಹಳಸಿದ ತಮಾಷೆಯನ್ನು ನಾನು ಯಾವ ವೇದಿಕೆಯಲ್ಲೂ ಮಾಡುವುದಿಲ್ಲ. ಅದಕ್ಕೆ ಗಂಡಸರು ನಗುತ್ತಾರೆ, ಹೆಂಗಸರು ನಕ್ಕಂತೆ ನಟಿಸುತ್ತಾರೆ.

ಮಕ್ಕಳಿಗೆ ಮಾತಾಡುವುದು ಇದಕ್ಕಿಂತ ಕಷ್ಟ. ಮಗಳು ಪುಣೆಯಲ್ಲಿ ನೌಕರಿ ಮಾಡುತ್ತಾಳೆ, ಮಗ ಇಂಜಿನಿಯರಿಂಗ್ ಓದುತ್ತಾನೆ. ಇಬ್ಬರಿಗೂ ಕನ್ನಡ ಕಿವಿಗೆ ಬರುತ್ತದೆ, ಕಣ್ಣಿಗೆ ಬರುವುದಿಲ್ಲ. ಬಹಳ ಜನ ಹಿರಿಯರು ಇಲ್ಲಿಗೆ ಬಂದ ಕೂಡಲೇ ಉಪದೇಶ ಶುರು ಮಾಡುತ್ತಾರೆ: ತಂದೆ-ತಾಯಿಯನ್ನು ನೋಡಿಕೊಳ್ಳಿ, ಅವರು ನಿಮಗಾಗಿ ಜೀವ ತೇದಿದ್ದಾರೆ. ಖರ್ಚು ಮಾಡಿ ಕಾರ್ಯಕ್ರಮ ಇಟ್ಟ ಮಕ್ಕಳನ್ನೇ ಮೈಕಿನಲ್ಲಿ ಗದರಿದ ಹಾಗೆ. ಅವರು ಹುಟ್ಟುವ ಮುಂಚಿನ ಒಂದು ಸಂಗತಿ ಹೇಳಬೇಕು, ಅದನ್ನು ಅವರು ಬೇರೆಲ್ಲೂ ಕೇಳಲಾರರು. ಲಗ್ನವಾದ ಹೊಸತರಲ್ಲಿ ಅವರಪ್ಪ ಅಕ್ಕಲಕೋಟೆಗೆ ಬರುವಾಗ ರೈಲು ಹತ್ತಿ ಅಕ್ಕಲಕೋಟ ರೋಡ್ ಸ್ಟೇಶನ್ನಿನಲ್ಲಿ ಇಳಿದುಬಿಟ್ಟಿದ್ದರು. ಹೆಸರಿನಲ್ಲಿ ಅಕ್ಕಲಕೋಟೆ ಇದ್ದರೂ ಸ್ಟೇಶನ್ ಊರಿನಿಂದ ದೂರ. ರಾತ್ರಿ ವಾಹನ ಸಿಗದೆ ನಡೆಯುತ್ತಲೇ ಬಂದರು. ಮರುದಿನ ಅತ್ತೆಯ ಮನೆಯಲ್ಲಿ ಕಾಲಿಗೆ ಎಣ್ಣೆ ತಿಕ್ಕಿಸಿಕೊಂಡರೇ ಹೊರತು, ಎಸ್‌ಟಿಯಲ್ಲಿ ಬರಬೇಕಿತ್ತೆಂದು ಒಪ್ಪಲಿಲ್ಲ. “ನಿಮ್ಮಪ್ಪನ ಹಟ ನಿಮಗೇನು ಹೊಸದಲ್ಲ, ಆದರ ಎಷ್ಟು ಹಳೇದು ಅಂತ ಗೊತ್ತಿರಲಿ” ಎಂದೆ. ಮಗ ಚಪ್ಪಾಳೆ ತಟ್ಟಿದ.

ಮಗಳು ಉತ್ತರವಾಗಿ ನಾಲ್ಕು ಸಾಲು ಕನ್ನಡದಲ್ಲಿ ಓದಿದಳು. ಕಾಗದ ನನ್ನ ಕೈಗೆ ಕೊಟ್ಟಾಗ ನೋಡಿದರೆ ಮಾತು ಕನ್ನಡದ್ದು, ಅಕ್ಷರ ದೇವನಾಗರಿ. “ಮುತ್ಯಾ, ನಗಬ್ಯಾಡ” ಎಂದಳು. ನಾನೇಕೆ ನಗಲಿ? ಇದೇ ಸೊಲ್ಲಾಪುರದ ಜಯದೇವಿ ತಾಯಿ ಲಿಗಾಡೆಯವರು ಮರಾಠಿಯಲ್ಲಿ ಕಲಿತು, ಆಮೇಲೆ ಕನ್ನಡ ರೂಢಿಸಿಕೊಂಡು ಸಿದ್ಧರಾಮರ ಪುರಾಣ ಬರೆದವರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಪೀಠಕ್ಕೆ ಬಂದ ಮೊದಲ ಮಹಿಳೆ. ಲಿಪಿ ಬಾರದ ಮಕ್ಕಳನ್ನು ಸಭೆಯಲ್ಲಿ ಹಂಗಿಸುವ ಕನ್ನಡಾಭಿಮಾನಿಗಳು ನಮ್ಮ ಕಡೆ ಇದ್ದಾರೆ. ಒಮ್ಮೆ ಹಂಗಿಸಿಕೊಂಡ ಮಕ್ಕಳು ಮುಂದಿನ ಸಲ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ, ಇದನ್ನು ಕಣ್ಣಾರೆ ಕಂಡಿದ್ದೇನೆ.

ಇನ್ನು ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಯೋಚಿಸಿದ ಜಾಗ. ಬೆಳ್ಳಿಹಬ್ಬ ಎಂದರೆ ಲಗ್ನದಲ್ಲಿ ಅಕ್ಷತೆ ಹಾಕಿದ ಹಿರಿಯರಲ್ಲಿ ಎಷ್ಟೋ ಮಂದಿ ಈಗ ಇಲ್ಲ. ಹುಡುಗಿಯ ತಂದೆ, ಅಂದರೆ ನಮ್ಮ ಭಾವ, ತೀರಿಕೊಂಡು ಕೆಲವು ವರ್ಷಗಳಾದವು. ಅಕ್ಕ ಸಭೆಗೆ ಬಂದು ಹಿಂದಿನ ಕಂಬದ ಮಗ್ಗುಲಿಗೆ ಕೂತಿದ್ದಳು. ನಮ್ಮಲ್ಲಿ ಇಂಥ ದಿನ ಹರಸುವಾಗ ಬಾಯಿಗೆ ಮೊದಲು ಬರುವುದು ‘ಮುತ್ತೈದಿಯಾಗಿ ಬಾಳು’ ಎಂಬ ಮಾತು. ಮುತ್ತೈದೆಯರನ್ನೇ ಆರಿಸಿ ವೇದಿಕೆಗೆ ಕರೆದು ಆರತಿ ಮಾಡಿಸುವುದೂ ಉಂಟು. ಹೆತ್ತ ತಾಯಿ ಆ ಹೊತ್ತಿಗೆ ಕಂಬದ ಹಿಂದೆ ಸರಿಯಬೇಕಾಗುತ್ತದೆ. ಆ ಹರಕೆಯ ಮಾತನ್ನು ನಾನು ಭಾಷಣದಿಂದ ತೆಗೆದುಹಾಕಿದೆ, ಹಿರಿಯರು ಒಬ್ಬಿಬ್ಬರು ಆಮೇಲೆ ಯಾಕೆಂದು ಕೇಳಿದರು. ತೀರಿದವರ ಹೆಸರುಗಳನ್ನು ಒಂದೊಂದಾಗಿ ಓದಿದರೆ ಸಭೆ ಶ್ರದ್ಧಾಂಜಲಿ ಆಗುತ್ತದೆ, ಪೂರ್ತಿ ಬಿಟ್ಟರೆ ಮನೆಯವರಿಗೆ ಕೊರೆಯುತ್ತದೆ. ಒಂದೇ ವಾಕ್ಯ ಹೇಳಿ ಕೂಡಲೇ ಬದುಕಿರುವವರ ಕಡೆ ತಿರುಗಿದೆ.

“ಅವತ್ತು ಅಕ್ಷತಿ ಹಾಕಿದ ಕೈಯಾಗ ಕೆಲವು ಇವತ್ತ ಇಲ್ಲ, ಅವರ ಪಾಲಿನ ಅಕ್ಷತೀನೂ ನಾವ ಹಾಕೂಣು. ಅಕ್ಕಾ, ನೀ ಮುಂದ ಬಾ. ಹೆತ್ತಾಕಿ ಕೈಯಿಂದನ ಮೊದಲು ಬೀಳಲಿ.”

ಅಕ್ಕ ಏಳಲಿಲ್ಲ. ಬೀಗತಿಯೇ, ಅಂದರೆ ಅಳಿಯಂದಿರ ತಾಯಿ, ಎದ್ದು ಹೋಗಿ ಕೈ ಹಿಡಿದು ಕರೆತಂದರು. ಇದನ್ನು ನಾನು ಅವರಿಗೆ ಹಿಂದಿನ ದಿನವೇ ಹೇಳಿಟ್ಟಿದ್ದೆ, ಮುಚ್ಚುಮರೆ ಏನಿಲ್ಲ. ಕರೆದಾಗ ಯಾರೂ ಎದ್ದು ಹೋಗದಿದ್ದರೆ ಅಕ್ಕನಿಗೆ ಸಭೆಯಲ್ಲಿ ಇನ್ನಷ್ಟು ಮುಜುಗರವಾಗುತ್ತಿತ್ತು. ಅಕ್ಕನ ಅಕ್ಷತೆ ಬಿತ್ತು, ನಾನು “ಹಾಕ್ರಿ” ಎಂದೆ, ಅರಿಶಿನದ ಅಕ್ಕಿ ಎಲ್ಲ ಕಡೆಯಿಂದ ಹಾರಿತು. ಮೇಸ್ತ್ರಿಯವರೂ ಹಾಕಿದರು.

ಒಡಪು ನನ್ನ ಯಾದಿಯಲ್ಲಿ ಇರಲಿಲ್ಲ, ಹೆಣ್ಣುಮಕ್ಕಳು ಗದ್ದಲ ಮಾಡಿ ಕೇಳಿದರು. ಮರಾಠಿಯವರಲ್ಲಿ ಉಖಾಣೆ ಇದೆ, ಹಾಗಾಗಿ ಯಾರಿಗೂ ಬಿಡಿಸಿ ಹೇಳುವ ಕೆಲಸ ಬೀಳಲಿಲ್ಲ. ಹುಡುಗಿ ಸ್ವಲ್ಪ ಯೋಚಿಸಿ, “ಮಗ್ಗದಾಗ ಎಳಿ ಹರದ್ರ ಗಂಟ ಹಾಕ್ತಾರ, ಮನ್ಯಾಗ ಮಾತ ಹರದ್ರ ನಕ್ಕ ಕೂಡಸ್ತಾರ” ಎಂದು ಹೇಳಿ ಗಂಡನ ಹೆಸರು ಸೇರಿಸಿದಳು. ಅಳಿಯಂದಿರಿಗೆ ಒಡಪು ಬರಲಿಲ್ಲ. ಮೈಕಿನಲ್ಲಿ ಹೆಂಡತಿಯ ಹೆಸರನ್ನು ನೆಟ್ಟಗೆ ಕರೆದರು. ಇಪ್ಪತ್ತೈದು ವರ್ಷ ‘ಏ, ಇಲ್ಲಿ ಕೇಳ’ ಎಂದೇ ಕರೆದ ಮನುಷ್ಯ, ಆದ್ದರಿಂದ ಚಪ್ಪಾಳೆ ಅದಕ್ಕೇ ಜಾಸ್ತಿ ಬಿತ್ತು. ನೀವು ಕಾರ್ಯಕ್ರಮ ಆಯೋಜಿಸುವವರಾದರೆ ಒಡಪನ್ನು ಭಾಷಣದ ಹಿಂದೆಯೇ ಇಡಿ, ಮುಂದೆ ಇಟ್ಟರೆ ಭಾಷಣ ಯಾರಿಗೂ ಬೇಡವಾಗುತ್ತದೆ.

ನಮ್ಮ ಕಡೆ ಯಾರಿಗಾದರೂ ಇಂಥ ಮಾತಾಡುವ ಪಾಳಿ ಬಂದರೆ ಈ ಕರಡನ್ನು ಧಾರಾಳವಾಗಿ ಬಳಸಿಕೊಳ್ಳಿ. ನಮಸ್ಕಾರ ಎಷ್ಟು ಭಾಷೆಯಲ್ಲಿ ಬೇಕೆಂದು ಆಮಂತ್ರಣದ ಯಾದಿ ನೋಡಿ ತೀರ್ಮಾನಿಸಿ, ಬರೆದದ್ದನ್ನು ದಂಪತಿಗಳಿಗೆ ಒಮ್ಮೆ ಓದಿ ತೋರಿಸಿ, ಅಕ್ಷತೆಯನ್ನು ಮೊದಲೇ ಹಂಚಿಸಿ. ಚಟ್ನಿಯ ಕತೆಯನ್ನು ಮಾತ್ರ ಬಿಡಿ, ಅದು ನಮ್ಮ ಮನೆಯದು. ನಿಮ್ಮದನ್ನು ನೀವೇ ಮನೆಗೆ ಹೋಗಿ ಕೂತು ಕೇಳಿಕೊಂಡು ಬರಬೇಕು.